ಬೆಳಿಗ್ಗೆ ಕಾರ್ಡ್ ಹಾಕಿದರೆ ಫಾರ್ಮ್ಯಾಟ್ ಮಾಡು ಅಂದಿತು

ಮದುವೆ ಮುಗಿಸಿ ಮನೆ ಸೇರಿದಾಗ ರಾತ್ರಿ ಒಂದು ಗಂಟೆ. ಕಾಲು ಊದಿಕೊಂಡಿತ್ತು, ಕತ್ತು ಹಿಡಿದಿತ್ತು. ಸಾಮಾನ್ಯವಾಗಿ ಎಷ್ಟೇ ಸುಸ್ತಾಗಿದ್ದರೂ ಕಾರ್ಡುಗಳನ್ನು ಕಾಪಿಗೆ ಹಾಕಿಯೇ ಮಲಗುತ್ತೇನೆ. ಅವತ್ತು ಬೆಳಿಗ್ಗೆ ನೋಡಿಕೊಂಡರಾಯಿತು ಅಂತ ಬ್ಯಾಗನ್ನು ಮೇಜಿನ ಮೇಲಿಟ್ಟು ಮಲಗಿಬಿಟ್ಟೆ.

ಎಂಟು ಗಂಟೆಗೆ ಎದ್ದು ಮೊದಲ ಕಾರ್ಡನ್ನು ರೀಡರಿಗೆ ಹಾಕಿದೆ. 64 ಜಿಬಿಯ ಎಸ್‌ಡಿ ಕಾರ್ಡ್. ಬೆಳಗಿನ ತಯಾರಿಯಿಂದ ಹಿಡಿದು ಮದುವೆಯ ಮುಖ್ಯ ಘಳಿಗೆ, ಆಮೇಲಿನ ಗ್ರೂಪ್ ಫೋಟೋಗಳವರೆಗೆ ಎಲ್ಲವೂ ಅದರಲ್ಲಿತ್ತು. ಪರದೆಯ ಮೇಲೆ ಚಿಕ್ಕ ಕಿಟಕಿಯೊಂದು ಎದ್ದಿತು:

```
You need to format the disk in drive E:
before you can use it.
```

ಕೆಳಗೆ ಎರಡು ಗುಂಡಿ. ಒಂದು ಫಾರ್ಮ್ಯಾಟ್, ಇನ್ನೊಂದು ಕ್ಯಾನ್ಸಲ್. ನಿದ್ದೆಗಣ್ಣಲ್ಲಿ ಕೈ ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ಪುಣ್ಯಕ್ಕೆ ಕ್ಯಾನ್ಸಲ್ ಒತ್ತಿದೆ. ಕಾರ್ಡನ್ನು ತೆಗೆದು ಕ್ಯಾಮೆರಾಕ್ಕೆ ಹಾಕಿದೆ. ಕಾರ್ಡ್ ಓದಲಾಗುತ್ತಿಲ್ಲ, ಬೇರೆ ಹಾಕಿ ಅಥವಾ ಫಾರ್ಮ್ಯಾಟ್ ಮಾಡಿ ಅಂತ ಅದೂ ಹೇಳಿತು. ಕಂಪ್ಯೂಟರ್ ಮತ್ತು ಕ್ಯಾಮೆರಾ ಎರಡೂ ಮಾತಾಡಿಕೊಂಡ ಹಾಗೆ.

ಎರಡನೇ ಸ್ಲಾಟಿನ ಕಾರ್ಡ್ ಎಲ್ಲಿತ್ತು ಅಂತ ನೀವು ಕೇಳುತ್ತೀರಿ. ನನ್ನ ಕ್ಯಾಮೆರಾದಲ್ಲಿ ಎರಡು ಸ್ಲಾಟ್ ಇದೆ, ಎರಡಕ್ಕೂ ಒಂದೇ ಚಿತ್ರ ಬರೆಯುವಂತೆ ಇಟ್ಟಿರುತ್ತೇನೆ. ಆದರೆ ಮಧ್ಯಾಹ್ನಕ್ಕೆ ಮುಂಚೆಯೇ ನನ್ನ ಜೊತೆಗಾರ ಹುಡುಗ ಓಡಿ ಬಂದ. "ಅಕ್ಕಾ, ಕಾರ್ಡ್ ತುಂಬಿಹೋಯ್ತು, ಒಂದು ಇದ್ರೆ ಕೊಡಿ" ಅಂದ. ಅವನು ವೀಡಿಯೋ ಜಾಸ್ತಿ ತೆಗೆದಿದ್ದ. ಬ್ಯಾಗ್ ದೂರದಲ್ಲಿತ್ತು, ವೇದಿಕೆ ಬಿಟ್ಟು ಹೋಗುವ ಹಾಗಿರಲಿಲ್ಲ. ಎರಡನೇ ಸ್ಲಾಟಿನ ಕಾರ್ಡನ್ನೇ ಕಿತ್ತು ಕೊಟ್ಟೆ. ಅದರಲ್ಲಿದ್ದ ಬೆಳಗಿನ ಚಿತ್ರಗಳು ಹೇಗೂ ಮೊದಲ ಕಾರ್ಡಿನಲ್ಲಿ ಇವೆಯಲ್ಲ, ಫಾರ್ಮ್ಯಾಟ್ ಮಾಡಿಕೋ ಅಂತ ನಾನೇ ಹೇಳಿದೆ. ಹಾಗಾಗಿ ಈ ಕಾರ್ಡಿಗೆ ಜೋಡಿ ಅನ್ನುವುದೇ ಉಳಿದಿರಲಿಲ್ಲ.

ಇನ್ನೂ ಒಂದು ಸಂಗತಿ ನೆನಪಾಯಿತು. ಸಂಜೆ ಕಾರ್ಯಕ್ರಮಕ್ಕೆ ಮುಂಚೆ ನಾನು ಈ ಕಾರ್ಡ್ ಬದಲಿಸಿದ್ದೆ. ಇನ್ನು ಮುನ್ನೂರು ಚಿತ್ರ ಮಾತ್ರ ಹಿಡಿಯುತ್ತದೆ ಅಂತ ಕ್ಯಾಮೆರಾ ತೋರಿಸುತ್ತಿತ್ತು. ಬದಲಿಸುವ ಸ್ವಲ್ಪ ಮುಂಚೆ ಒಂದೇ ಸಮನೆ ಹತ್ತು ಹನ್ನೆರಡು ಚಿತ್ರ ಹೊಡೆದಿದ್ದೆ. ಬಾಗಿಲು ತೆರೆದಾಗ ಕೆಂಪು ದೀಪ ಇನ್ನೂ ಮಿನುಗುತ್ತಿತ್ತೇನೋ. ಖಂಡಿತ ಮಿನುಗುತ್ತಿತ್ತು, ಈಗ ಹೇಳುತ್ತೇನೆ. ಬರೆಯುತ್ತಿರುವಾಗಲೇ ಕಾರ್ಡ್ ಎಳೆದಿದ್ದೆ. ಆಮೇಲೆ ಅದನ್ನು ಯಾವುದಕ್ಕೂ ಹಾಕಲಿಲ್ಲ, ಡಬ್ಬಿಗೆ ಸೇರಿಸಿದೆ. ಅದಕ್ಕೇ ರಾತ್ರಿಯೆಲ್ಲ ಗೊತ್ತಾಗಲಿಲ್ಲ.

ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ. ನಾನು ಎರಡು ವಾಕ್ಯ ಹೇಳುವಷ್ಟರಲ್ಲಿ ಅವನು ತಡೆದ.

"ಮೊದಲು ಕಾರ್ಡ್ ಹೊರಗೆ ತೆಗಿ. ಪಕ್ಕದಲ್ಲಿರೋ ಲಾಕ್ ಕೆಳಗೆ ತಳ್ಳು. ಏನೂ ಒತ್ತಿಲ್ಲ ತಾನೆ?"

"ಕ್ಯಾನ್ಸಲ್ ಒತ್ತಿದೆ ಅಷ್ಟೇ."

"ಸ್ಕ್ಯಾನ್ ಆಂಡ್ ಫಿಕ್ಸ್ ಅಂತ ಬಂದ್ರೂ ಒತ್ತಬೇಡ. ಅದು ಸರಿ ಮಾಡ್ತೀನಿ ಅಂತ ಕಾರ್ಡಿನ ಮೇಲೇ ಬರೆಯುತ್ತೆ."

ಆ ಲಾಕಿನ ಬಗ್ಗೆ ಅವನು ಹೇಳಿದ ಮಾತು ನನಗೆ ಹೊಸದು. ಅದು ಕಾರ್ಡಿನ ಒಳಗಿನ ಯಾವುದಕ್ಕೂ ತಾಗಿರುವುದಿಲ್ಲವಂತೆ. ಬರೀ ಒಂದು ಪ್ಲಾಸ್ಟಿಕ್ ತುಂಡು. ಅದು ಎಲ್ಲಿದೆ ಅಂತ ನೋಡಿ ಬರೆಯದೇ ಇರಬೇಕಾದದ್ದು ರೀಡರಿನ ಕೆಲಸ. ರೀಡರ್ ಅದನ್ನು ನೋಡದೇ ಹೋದರೆ ಲಾಕ್ ಇದ್ದೂ ಇಲ್ಲದಂತೆ. ಆದರೂ ತಳ್ಳಿಡು, ಖರ್ಚೇನಿಲ್ಲ ಅಂದ. ಕಾರಣ ಇದೆ. ಕಾರ್ಡ್ ಹಾಕಿ ತೆರೆದ ಕೂಡಲೇ ವಿಂಡೋಸ್ ಆಗಲಿ ಮ್ಯಾಕ್ ಆಗಲಿ ನಮ್ಮನ್ನು ಕೇಳದೆ ಅದರ ಮೇಲೆ ತಮ್ಮ ಗುಪ್ತ ಫೋಲ್ಡರುಗಳನ್ನು ಬರೆದುಕೊಳ್ಳುತ್ತವೆ.

ಫಾರ್ಮ್ಯಾಟ್ ಮಾಡಿದರೂ ಚಿತ್ರ ವಾಪಸ್ ಬರುತ್ತದೆ ಅಂತ ಎಲ್ಲೋ ಓದಿದ್ದೆ. ಅದನ್ನೂ ಕೇಳಿದೆ. ಕ್ವಿಕ್ ಫಾರ್ಮ್ಯಾಟ್ ಆದರೆ ಸಾಮಾನ್ಯವಾಗಿ ಪಟ್ಟಿ ಮಾತ್ರ ಹೊಸದಾಗುತ್ತದೆ, ಚಿತ್ರಗಳು ಇದ್ದಲ್ಲೇ ಇರುತ್ತವೆ. ಆದರೆ ಕೆಲವು ಕ್ಯಾಮೆರಾಗಳಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಅಂತ ಇರುತ್ತದೆ. ಅದಕ್ಕೆ ಟಿಕ್ ಹಾಕಿಟ್ಟು ಮರೆತಿದ್ದರೆ ಇಡೀ ಕಾರ್ಡೇ ಅಳಿಸಿಹೋಗುತ್ತದೆ. ನನ್ನ ಕ್ಯಾಮೆರಾದಲ್ಲಿ ಆ ಟಿಕ್ ಇತ್ತು. ಆಮೇಲೆ ನೋಡಿದಾಗ ಮೈ ಜುಮ್ಮೆಂದಿತು.

ಮುಂದಿನ ಪ್ರಶ್ನೆ, ರೋಗ ಎಂಥದು. ಬೇರೆ ರೀಡರ್, ಬೇರೆ ಪೋರ್ಟ್ ಒಂದು ಸಲ ನೋಡು ಅಂದ. ಎಷ್ಟೋ ಸಲ ರೀಡರಿನ ಪಿನ್ನೇ ಕೆಟ್ಟಿರುತ್ತದೆ. ಬದಲಿಸಿದೆ, ಅದೇ ಸಂದೇಶ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಕಾರ್ಡಿನ ಅಳತೆ ಎಷ್ಟು ತೋರಿಸುತ್ತಿದೆ ಅಂತ ಓದಲು ಹೇಳಿದ. ಐವತ್ತೊಂಬತ್ತು ಚಿಲ್ಲರೆ ಜಿಬಿ, ಪಕ್ಕದಲ್ಲಿ `RAW` ಅಂತಿತ್ತು. 64 ಜಿಬಿ ಕಾರ್ಡನ್ನು ಕಂಪ್ಯೂಟರ್ ತನ್ನ ಲೆಕ್ಕದಲ್ಲಿ ಅಷ್ಟೇ ತೋರಿಸುವುದು.

"ಬದುಕಿದೆ ಬಿಡು" ಅಂದ.

ಅಳತೆ ಸರಿಯಾಗಿ ಬಂತು ಅಂದರೆ ಕಾರ್ಡಿನ ಒಳಗಿನ ಕಂಟ್ರೋಲರ್ ಮಾತಾಡುತ್ತಿದೆ. `RAW` ಅಂದರೆ ಕಡತಗಳ ಪಟ್ಟಿ ಕಂಪ್ಯೂಟರಿಗೆ ಅರ್ಥವಾಗುತ್ತಿಲ್ಲ. ಇದಕ್ಕೂ ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸುವ ರಾ ಚಿತ್ರಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ. ಅಳತೆಯ ಜಾಗದಲ್ಲಿ ಸೊನ್ನೆಯೋ `No Media` ಅಂತಲೋ ಬಂದಿದ್ದರೆ ಕಂಟ್ರೋಲರೇ ಸತ್ತಿದೆ ಅಂತ ಅರ್ಥ. ಆಗ ಮನೆಯಲ್ಲಿ ಕೂತು ಮಾಡುವಂಥದ್ದು ಏನೂ ಇಲ್ಲ. ಚಿಪ್ಪಿಗೇ ತಂತಿ ಬೆಸೆದು ಓದುವ ಪ್ರಯೋಗಾಲಯಕ್ಕೆ ಕಳಿಸಬೇಕು.

ಈಗ ಕಾರ್ಡಿನ ಪೂರ್ತಿ ನಕಲು ತೆಗೆಯಬೇಕು. ಕಡತಗಳ ನಕಲು ಅಲ್ಲ, ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದದ್ದು ಇದ್ದ ಹಾಗೆ ಒಂದೇ ದೊಡ್ಡ ಕಡತಕ್ಕೆ. ಇಮೇಜ್ ಅಂತಾರೆ. ಆಮೇಲಿನ ಪ್ರಯೋಗ ಎಲ್ಲ ಆ ಇಮೇಜಿನ ಮೇಲೆ. ನನಗೆ ಆಗ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಚಿತ್ರ ವಾಪಸ್ ತರುವ ಸಾಫ್ಟ್‌ವೇರ್ ನೇರವಾಗಿ ಕಾರ್ಡಿನ ಮೇಲೇ ಓಡಿಸಿಬಿಡೋಣ, ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಲ್ಲ ಅಂದೆ. ಗೆಳೆಯ ಒಪ್ಪಲಿಲ್ಲ. ಕಾರ್ಡ್ ಇನ್ನೆಷ್ಟು ಸಲ ಓದಲು ಬಿಡುತ್ತದೋ ಗೊತ್ತಿಲ್ಲ. ಒಂದು ಸಾಫ್ಟ್‌ವೇರ್ ಸರಿಹೋಗದಿದ್ದರೆ ಇನ್ನೊಂದು, ಅದಲ್ಲದಿದ್ದರೆ ಮತ್ತೊಂದು ಅಂತ ನಾಲ್ಕು ಸಲ ಅರವತ್ತು ಜಿಬಿ ಓದಿಸುವುದಕ್ಕಿಂತ ಒಂದೇ ಸಲ ಓದಿ ಇಟ್ಟುಕೊಳ್ಳುವುದು ಮೇಲು ಅಂದ.

ಅವನ ಬಳಿ `SystemRescue` ಇದ್ದ ಪೆನ್‌ಡ್ರೈವ್ ಇತ್ತು. ಅದರಿಂದ ನನ್ನ ಲ್ಯಾಪ್‌ಟಾಪ್ ಲಿನಕ್ಸಿನಲ್ಲಿ ಶುರುವಾಯಿತು. ಹತ್ತೂವರೆಗೆ ಅವನೇ ಬಂದು ಪಕ್ಕದಲ್ಲಿ ಕೂತ. ಕೀಲಿ ಒತ್ತುವುದು ಮಾತ್ರ ನಾನೇ, ಹಾಗಾದರೂ ಕೈ ನಡುಕ ನಿಲ್ಲಲಿ ಅಂತ. ಮೊದಲು ಯಾವ ಡಿಸ್ಕಿಗೆ ಏನು ಹೆಸರು ಅಂತ ನೋಡಬೇಕು. ಇಲ್ಲಿ ಹೆಸರು ತಪ್ಪಿದರೆ ಕಥೆ ಅಲ್ಲಿಗೇ ಮುಗಿಯುತ್ತದೆ.

```
lsblk -o NAME,SIZE,MODEL
mount /dev/sdc1 /mnt
ddrescue -n /dev/sdb /mnt/card.img /mnt/card.map
```

ನನ್ನ ಕಾರ್ಡ್ `sdb`, ಹೊರಗಿನ ಹಾರ್ಡ್ ಡಿಸ್ಕ್ `sdc`. ಮೊದಲು ಬರುವುದು ಎಲ್ಲಿಂದ, ಆಮೇಲಿನದು ಎಲ್ಲಿಗೆ. ಕೊನೆಯ `card.map` ಒಂದು ಚಿಕ್ಕ ಲೆಕ್ಕದ ಪುಸ್ತಕ. ಎಲ್ಲಿಯವರೆಗೆ ಓದಿದೆ, ಎಲ್ಲಿ ಓದಲಾಗಲಿಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಯಬಹುದು. `-n` ಅಂದರೆ ಕೆಟ್ಟ ಜಾಗ ಸಿಕ್ಕರೆ ಈಗಲೇ ಕೆರೆಯುತ್ತಾ ಕೂರಬೇಡ ಅಂತ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುವುದು.

ನಾಲ್ಕು ಜಿಬಿ ಆಗುತ್ತಿದ್ದಂತೆ ನಿಂತುಹೋಯಿತು. ಕಾರ್ಡ್ ಸತ್ತೇ ಹೋಯಿತು ಅಂದುಕೊಂಡು ನಾನು ಕಣ್ಣು ಮುಚ್ಚಿದೆ. ಗೆಳೆಯ ಸಂದೇಶ ಓದಿ ನಕ್ಕ. ಕಾರ್ಡಿಗೆ ಏನೂ ಆಗಿರಲಿಲ್ಲ. ನನ್ನ ಹಾರ್ಡ್ ಡಿಸ್ಕು ಹಿಂದೆ ಯಾವಾಗಲೋ ಟಿವಿಗೆ ಹಾಕಲು `FAT32` ಮಾಡಿಟ್ಟದ್ದು. ಅದರಲ್ಲಿ ಒಂದು ಕಡತ ನಾಲ್ಕು ಜಿಬಿ ದಾಟುವಂತಿಲ್ಲ. ಬೇರೆ ಡಿಸ್ಕ್ ಹುಡುಕಿ ತಂದು ಮತ್ತೆ ಮೊದಲಿನಿಂದ.

ಇಪ್ಪತ್ತು ನಿಮಿಷ ಅಂಕಿ ಏರುತ್ತಾ ಹೋಯಿತು. ಹೆಚ್ಚೂ ಕಡಿಮೆ ಎಲ್ಲವೂ ಬಂತು. ಒಂದು ಕಡೆ ಮಾತ್ರ ತೊಡರಿತು. ಆ ಜಾಗವನ್ನು ಮೂರು ಸಲ ಮತ್ತೆ ಓದಲು ಇನ್ನೊಂದು ಸುತ್ತು ಓಡಿಸಿದೆವು.

```
ddrescue -d -r3 /dev/sdb /mnt/card.img /mnt/card.map
```

ಕೊನೆಗೂ 128 ಕೆಬಿ ಬರಲೇ ಇಲ್ಲ. ಅರವತ್ತು ಜಿಬಿಯಲ್ಲಿ 128 ಕೆಬಿ. ಕಾರ್ಡನ್ನು ತೆಗೆದು ಒಂದು ಕವರಿಗೆ ಹಾಕಿ ಮೇಲೆ "ಮುಟ್ಟಬೇಡ" ಅಂತ ಬರೆದೆ. ಇಮೇಜನ್ನು ಇನ್ನೊಂದು ಡಿಸ್ಕಿಗೂ ಕಾಪಿ ಮಾಡಿದೆ. ಎರಡು ಪ್ರತಿ ಆದಮೇಲೆ ಉಸಿರು ಸ್ವಲ್ಪ ನೇರವಾಯಿತು.

ಆಗಲೇ ಮದುಮಗಳಿಗೆ ಫೋನ್ ಮಾಡಿದೆ. ಎಲ್ಲ ಸರಿಹೋದ ಮೇಲೆ ಹೇಳು, ಸುಮ್ನೆ ಗಾಬರಿ ಯಾಕೆ ಅಂತ ಗೆಳೆಯ ಅಂದಿದ್ದ. ನನಗೆ ಅದು ಸರಿ ಕಾಣಲಿಲ್ಲ. ಬೆಳಿಗ್ಗೆ ಎಂಟಕ್ಕೇ ಮಾಡಿದ್ದರೆ ಅಳುವುದು ಬಿಟ್ಟು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಇತ್ತು. ಒಂದು ಕಾರ್ಡ್ ಓದಲಾಗುತ್ತಿಲ್ಲ, ಅದರ ಪೂರ್ತಿ ನಕಲು ಸಿಕ್ಕಿದೆ, ಸಂಜೆಯ ಕಾರ್ಡ್ ಮತ್ತು ಜೊತೆಗಾರನ ಕಾರ್ಡುಗಳು ಚೆನ್ನಾಗಿವೆ, ಈ ಕಾರ್ಡಿನಿಂದ ಎಷ್ಟು ಬರುತ್ತದೆ ಅಂತ ನಾಳೆ ಸಂಜೆಗೆ ಹೇಳುತ್ತೇನೆ ಅಂದೆ. ಎಲ್ಲ ಬರುತ್ತದೆ ಅಂತ ಮಾತ್ರ ಹೇಳಲಿಲ್ಲ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೇಡಂ, ಅಪ್ಪ ಅತ್ತಿದ್ದು ಅದರಲ್ಲೇ ಇತ್ತಾ?" ಅಂತ ಕೇಳಿದಳು.

ಅದರಲ್ಲೇ ಇತ್ತು. ಕಿಟಕಿಯ ಹತ್ತಿರ, ಎಲ್ಲರಿಗೂ ಬೆನ್ನು ಹಾಕಿ ನಿಂತು ಅವರು ಕಣ್ಣೊರೆಸಿಕೊಂಡಿದ್ದರು. ನಾನು ಪಕ್ಕದಿಂದ ತೆಗೆದಿದ್ದೆ. ಹೌದು ಅಂದೆ.

ಮಧ್ಯಾಹ್ನ ಇಮೇಜಿನ ಮೇಲೆ ಕೆಲಸ ಶುರು. ಮೊದಲ ಆಸೆ, ಕಾರ್ಡಿನ ಪಟ್ಟಿಯನ್ನೇ ಸರಿಪಡಿಸುವುದು. ಹಾಗಾದರೆ ಎಲ್ಲ ಚಿತ್ರ ತನ್ನ ಹೆಸರಿನ ಸಮೇತ ಬರುತ್ತದೆ. 64 ಜಿಬಿ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ವಿಧಾನದಲ್ಲಿ ಇರುತ್ತವೆ. ಅದರ ಮೊದಲ ಹನ್ನೆರಡು ಸೆಕ್ಟರುಗಳಲ್ಲಿ ಕಾರ್ಡಿನ ಜಾತಕ ಇರುತ್ತದೆ. ಪಟ್ಟಿ ಎಲ್ಲಿ ಶುರು, ಚಿತ್ರಗಳು ಎಲ್ಲಿ ಶುರು, ಒಂದೊಂದು ಕಂಪಾರ್ಟ್‌ಮೆಂಟ್ ಎಷ್ಟು ದೊಡ್ಡದು ಅಂತ. ಅದಕ್ಕೊಂದು ನಕಲೂ ಇರುತ್ತದೆ. `TestDisk` ಎಂಬ ಸಾಫ್ಟ್‌ವೇರ್ ಆ ನಕಲನ್ನು ಮೂಲದ ಜಾಗಕ್ಕೆ ಹಾಕಿಕೊಡಬಲ್ಲದು.

ನಕಲೂ ಖಾಲಿ ಇತ್ತು. ಯಾಕೆಂದರೆ ನಕಲು ಇರುವುದು ಮೂಲದ ಪಕ್ಕದಲ್ಲೇ, ಮುಂದಿನ ಹನ್ನೆರಡು ಸೆಕ್ಟರುಗಳಲ್ಲಿ. ಮೂಲಕ್ಕೂ ನಕಲಿಗೂ ನಡುವೆ ಆರು ಕೆಬಿ ದೂರ. ಕಾರ್ಡಿನ ಆ ಭಾಗದಲ್ಲಿ ಅಲ್ಲಿಂದ ಮುಂದಕ್ಕೆ ಹಲವು ಎಂಬಿ ಬರೀ ಸೊನ್ನೆ. ಯಾವ ಚಿತ್ರ ಯಾವ ತುಂಡುಗಳಲ್ಲಿದೆ ಅಂತ ಹೇಳುವ ಪಟ್ಟಿಯೂ ಅದರ ಜೊತೆಗೇ ಹೋಗಿತ್ತು. ಮನೆ ಕೀಲಿಯ ಇನ್ನೊಂದು ಪ್ರತಿಯನ್ನು ಅದೇ ಗೊಂಚಲಿಗೆ ಹಾಕಿಟ್ಟ ಹಾಗೆ ಅಲ್ವಾ ಇದು ಅಂತ ರೇಗಿದೆ. ಆ ನಕಲು ಇರುವುದು ಒಂದೆರಡು ಸೆಕ್ಟರ್ ಕೆಟ್ಟರೆ ಅಂತ, ಇಷ್ಟು ದೊಡ್ಡ ಗಾಯಕ್ಕಲ್ಲ ಅಂದ ಗೆಳೆಯ. ಈ ಜಾತಕದಲ್ಲೇ "ಈಗ ಬರೆಯುತ್ತಿದ್ದೇನೆ" ಅಂತ ಒಂದು ಗುರುತೂ ಇರುತ್ತದೆ, ಹಾಗಾಗಿ ಕಾರ್ಡಿಗೆ ಬರೆಯುವಾಗ ಆ ಜಾಗವೂ ಸುಮ್ಮನಿರುವುದಿಲ್ಲ ಅಂತಲೂ ಹೇಳಿದ. ಕೆಂಪು ದೀಪ ಮತ್ತೆ ಕಣ್ಣ ಮುಂದೆ ಬಂತು.

ಉಳಿದದ್ದು `PhotoRec`. ಇದು ಪಟ್ಟಿಯನ್ನು ನೋಡುವುದೇ ಇಲ್ಲ. ಇಮೇಜನ್ನು ಮೊದಲಿನಿಂದ ಓದುತ್ತಾ ಹೋಗುತ್ತದೆ. ಪ್ರತಿಯೊಂದು ಬಗೆಯ ಚಿತ್ರದ ಶುರುವಿನಲ್ಲಿ ಅದರದೇ ಒಂದು ಗುರುತು ಇರುತ್ತದೆ. ಆ ಗುರುತು ಕಂಡ ಕೂಡಲೇ ಇಲ್ಲಿ ಒಂದು ಚಿತ್ರ ಶುರುವಾಯಿತು ಅಂತ ಎತ್ತಿಕೊಳ್ಳುತ್ತದೆ. ವಿಳಾಸದ ಪುಸ್ತಕ ಕಳೆದುಹೋದ ಮೇಲೆ ಬೀದಿಯಲ್ಲಿ ನಡೆಯುತ್ತಾ ಬಾಗಿಲುಗಳನ್ನು ಎಣಿಸಿದ ಹಾಗೆ.

ಅಲ್ಲೂ ಒಂದು ಎಡವು. ಯಾವ ಬಗೆಯ ಕಡತ ಬೇಕು ಅಂತ ಆರಿಸುವ ಉದ್ದದ ಪಟ್ಟಿಯಲ್ಲಿ ನನ್ನ ಕ್ಯಾಮೆರಾದ `cr2` ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು `tif` ಎಂಬ ಹೆಸರಿನ ಅಡಿಯಲ್ಲಿದೆ. ರಾ ಚಿತ್ರಗಳಲ್ಲಿ ಬಹಳಷ್ಟು ಆ ಕುಟುಂಬಕ್ಕೇ ಸೇರಿದವು. `tif` ಮತ್ತು `jpg` ಎರಡಕ್ಕೆ ಮಾತ್ರ ಗುರುತು ಹಾಕಿ, ಫೈಲ್ ಸಿಸ್ಟಮ್ ಕೇಳಿದಾಗ `Other`, ಎಲ್ಲಿ ಹುಡುಕಲಿ ಅಂದಾಗ `Whole` ಅಂತ ಕೊಟ್ಟೆವು.

ಅರ್ಧ ಗಂಟೆಯಲ್ಲಿ ಫೋಲ್ಡರುಗಳು ತುಂಬಿದವು. ಹೆಸರೆಲ್ಲ `f0983040.cr2` ಅನ್ನುವ ಥರ. ಆ ಅಂಕಿ ಚಿತ್ರ ಇಮೇಜಿನ ಎಷ್ಟನೇ ಸೆಕ್ಟರಿನಲ್ಲಿ ಸಿಕ್ಕಿತು ಅನ್ನುವುದು. ಮೊದಲ ಚಿತ್ರ ತೆರೆದೆ. ಬೇರೆ ಯಾರದೋ ಮದುವೆ! ಇನ್ನೊಂದು, ಅದೂ ಅವರದೇ. ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಆಮೇಲೆ ಹೊಳೆಯಿತು. ನಾನು ತೆರೆದದ್ದು ಕೊನೆಯ ಫೋಲ್ಡರನ್ನು. ಅದರಲ್ಲಿದ್ದದ್ದು ಹಿಂದಿನ ಮದುವೆಯ ಚಿತ್ರಗಳು. ಈ ಮದುವೆಗೆ ಮುಂಚೆ ಕಾರ್ಡ್ ಫಾರ್ಮ್ಯಾಟ್ ಮಾಡಿದ್ದೆ, ಆದರೆ ಅದು ಆ ಸಲ ಪಟ್ಟಿಯನ್ನು ಮಾತ್ರ ಅಳಿಸಿತ್ತು. ಈ ಸಲ ಕಾರ್ಡಿನ ಕೊನೆಯ ಭಾಗ ತುಂಬಲಿಲ್ಲವಾದ್ದರಿಂದ ಹಳೆಯದು ಅಲ್ಲೇ ಕೂತಿತ್ತು. ಹಾಗಾದರೆ ಆ ಲೋ ಲೆವೆಲ್ ಟಿಕ್ ಆಮೇಲೆ ಯಾವಾಗಲೋ ಬೆರಳು ತಗುಲಿ ಬಿದ್ದಿರಬೇಕು. ಒಬ್ಬರ ಮನೆಯ ಚಿತ್ರ ಇನ್ನೊಬ್ಬರ ಕಾರ್ಡಿನಲ್ಲಿ ಹೀಗೆ ಅಡಗಿರುತ್ತದೆ ಅಂತ ಯೋಚಿಸಿರಲಿಲ್ಲ. ಹಳೆಯ ಕಾರ್ಡುಗಳನ್ನು ಯಾರಿಗಾದರೂ ಹಾಗೇ ಕೊಟ್ಟುಬಿಡುವ ಅಭ್ಯಾಸ ನನಗಿತ್ತು. ಈಗಿಲ್ಲ.

ಹೆಸರು ಹೋದರೂ ಚಿತ್ರದ ಒಳಗೆ ತೆಗೆದ ದಿನ, ಗಂಟೆ, ಸೆಕೆಂಡು ಉಳಿದಿರುತ್ತದೆ. ವಿಂಡೋಸಿಗೆ ವಾಪಸ್ ಬಂದು ಎಲ್ಲಕ್ಕೂ ಅದನ್ನೇ ಹೆಸರಾಗಿ ಇಟ್ಟೆವು.

```
exiftool "-FileName<DateTimeOriginal" -d %Y%m%d_%H%M%S%%-c.%%e -r .
```

ಒಂದೇ ಸೆಕೆಂಡಿನಲ್ಲಿ ಹಲವು ಚಿತ್ರ ಇದ್ದರೆ ಕೊನೆಗೆ ಒಂದು ಸಂಖ್ಯೆ ಸೇರುತ್ತದೆ, ಒಂದರ ಮೇಲೊಂದು ಬೀಳುವುದಿಲ್ಲ. ಹೆಸರಿನ ಪ್ರಕಾರ ಜೋಡಿಸಿದರೆ ಹಳೆಯ ಮದುವೆ ತಾನಾಗಿಯೇ ಬೇರೆಯಾಯಿತು. ನಮ್ಮ ದಿನದ್ದು 1,781 ಚಿತ್ರ.

ಎಷ್ಟು ಇರಬೇಕಿತ್ತು? ಇದನ್ನು ಲೆಕ್ಕ ಹಾಕದೆ ಖುಷಿಪಡುವ ಹಾಗಿರಲಿಲ್ಲ. ಕ್ಯಾಮೆರಾ ಕಾರ್ಡ್ ಬದಲಿಸಿದರೂ ಸಂಖ್ಯೆಯನ್ನು ಮುಂದುವರಿಸುತ್ತದೆ. ಹಿಂದಿನ ಮದುವೆಯ ಕೊನೆಯ ಚಿತ್ರ 4389. ಸಂಜೆಯ ಕಾರ್ಡಿನ ಮೊದಲ ಚಿತ್ರ 6214. ಹಾಗಾದರೆ ಈ ಕಾರ್ಡಿನಲ್ಲಿ ತೆಗೆದದ್ದು 4390ರಿಂದ 6213ರವರೆಗೆ, ಒಟ್ಟು 1,824. ಅದರಲ್ಲಿ ಬಿಡುವಿದ್ದಾಗ ಕಣ್ಣು ಮುಚ್ಚಿದವು, ಅಲುಗಿದವು ಅಂತ ಸುಮಾರು ನಲವತ್ತನ್ನು ಕ್ಯಾಮೆರಾದಲ್ಲೇ ಅಳಿಸಿದ್ದೆ. ಕಡಿಮೆ ಬಿದ್ದಿರುವುದು 43. ಚಿತ್ರದೊಳಗೆ ಆ ಸಂಖ್ಯೆಯೂ ಇರುತ್ತದೆ, ಹಾಗಾಗಿ ಯಾವುದು ಇಲ್ಲ ಅಂತ ಒಂದೊಂದಾಗಿ ನೋಡಿದೆ. ಬಹುಪಾಲು ನಾನೇ ಅಳಿಸಿದ ಸಮಯದವು. ಎರಡೋ ಮೂರೋ ನಿಜವಾಗಿ ಹೋಗಿದ್ದವು. ಆ ನಿಮಿಷಗಳಲ್ಲಿ ಅಕ್ಕಪಕ್ಕದ ಚಿತ್ರಗಳು ಇದ್ದವು.

ಅಷ್ಟೇ ಅಂದುಕೊಂಡೆ. ಸಣ್ಣ ಸಣ್ಣ ಚಿತ್ರಗಳನ್ನು ಪರದೆ ತುಂಬ ಹರಡಿಕೊಂಡು ನೋಡಿದರೆ ಎಲ್ಲವೂ ಲಕ್ಷಣವಾಗಿದ್ದವು. ಗೆಳೆಯ ಮನೆಗೆ ಹೋದ. ನಾನು ಮದುಮಗಳಿಗೆ ಸಂದೇಶ ಬರೆಯಲು ಫೋನ್ ತೆಗೆದೆ. ಅದಕ್ಕೆ ಮುಂಚೆ ಅವಳ ಅಪ್ಪನ ಚಿತ್ರವನ್ನು ಒಮ್ಮೆ ದೊಡ್ಡದು ಮಾಡಿ ನೋಡೋಣ ಅನ್ನಿಸಿತು. ತೆರೆದೆ. ಒಂದು ಕ್ಷಣ ಚೆನ್ನಾಗಿ ಕಂಡಿತು. ಆಮೇಲೆ ಕೆಳಗಿನ ಕಾಲು ಭಾಗ ಗುಲಾಬಿ ಪಟ್ಟಿಗಳಾಗಿ ಚದುರಿತು.

ರಾ ಚಿತ್ರದ ಒಳಗೆ ಒಂದು ಜೆಪೆಗ್ ಕೂಡ ಅಡಗಿರುತ್ತದೆ. ಕ್ಯಾಮೆರಾದ ಪರದೆಯಲ್ಲಿ, ಕಂಪ್ಯೂಟರಿನ ಸಣ್ಣ ಚಿತ್ರಗಳಲ್ಲಿ ನಮಗೆ ಕಾಣುವುದು ಅದೇ. ಅದು ಚೆನ್ನಾಗಿದೆ ಅಂದ ಮಾತ್ರಕ್ಕೆ ರಾ ಚೆನ್ನಾಗಿದೆ ಅಂತ ಆಗುವುದಿಲ್ಲ. ನಾನು ಇಷ್ಟು ಹೊತ್ತು ನೋಡಿ ಖುಷಿಪಟ್ಟದ್ದು ಬರೀ ಮುಖಪುಟಗಳನ್ನು. ಅವತ್ತು ರಾತ್ರಿ 1,781 ಚಿತ್ರಗಳನ್ನೂ ರಾದಿಂದಲೇ ಪೂರ್ಣ ಗಾತ್ರದಲ್ಲಿ ತಯಾರಿಸಲು ಹಾಕಿ ಮಲಗಿದೆ. ಬೆಳಿಗ್ಗೆ ಕೂತು ಒಂದೊಂದಾಗಿ ನೋಡಿದಾಗ ಕೆಟ್ಟವು 26.

ಆ 26ರಲ್ಲಿ ಎಲ್ಲಕ್ಕೂ ಒಂದೇ ಲಕ್ಷಣ. ಮೇಲೆ ಚೆನ್ನ, ಕೆಳಗೆ ಚಿಂದಿ. ಗೆಳೆಯನಿಗೆ ಫೋನಿನಲ್ಲಿ ವಿವರಿಸಿದೆ.

"ನೀನು ನಡುವೆ ಅಳಿಸಿದೆಯಲ್ಲ, ಅದರ ಫಲ" ಅಂದ.

ಖಾಲಿ ಕಾರ್ಡಿಗೆ ಕ್ಯಾಮೆರಾ ಚಿತ್ರಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಬರೆಯುತ್ತಾ ಹೋಗುತ್ತದೆ. ಹಾಗಿದ್ದರೆ `PhotoRec` ಥರದ ಹುಡುಕಾಟ ಚೆನ್ನಾಗಿ ನಡೆಯುತ್ತದೆ. ನಡುವೆ ಒಂದನ್ನು ಅಳಿಸಿದರೆ ಅಲ್ಲೊಂದು ಗುಂಡಿ ಬೀಳುತ್ತದೆ. 28 ಎಂಬಿಯ ಗುಂಡಿ ಅಂದುಕೊಳ್ಳಿ. ಆಮೇಲೆ ತೆಗೆದ 32 ಎಂಬಿಯ ಚಿತ್ರ ಆ ಗುಂಡಿಗೆ ಬಂದು ಕೂತರೆ 28 ಅಲ್ಲಿ ಹಿಡಿಯುತ್ತದೆ, ಉಳಿದ ನಾಲ್ಕು ಬೇರೆಲ್ಲೋ ಹೋಗುತ್ತದೆ. ಎಲ್ಲಿಗೆ ಹೋಯಿತು ಅಂತ ಬರೆದಿರುವುದು ಪಟ್ಟಿಯಲ್ಲಿ. ನಮ್ಮ ಪಟ್ಟಿಯೇ ಸೊನ್ನೆ. ಹಾಗಾಗಿ 28 ಎಂಬಿ ಆದಮೇಲೆ ಪಕ್ಕದ ಚಿತ್ರದ ನಾಲ್ಕು ಎಂಬಿಯನ್ನೇ ಇದರದು ಅಂತ ಅಂಟಿಸಿಕೊಂಡಿತ್ತು. ಜಾಗ ಉಳಿಯಲಿ ಅಂತ ನಾನು ಅಳಿಸಿದ ನಲವತ್ತು ಕೆಟ್ಟ ಚಿತ್ರಗಳು 26 ಒಳ್ಳೆಯ ಚಿತ್ರಗಳನ್ನು ತಿಂದಿದ್ದವು. ಅಪ್ಪ ಕಿಟಕಿಯ ಬಳಿ ನಿಂತದ್ದು ನಾನು ಹಾಗೆ ಕೂತು ಅಳಿಸಿದ ಸ್ವಲ್ಪ ಹೊತ್ತಿನ ಮೇಲೆಯೇ.

ಜೊತೆಗಾರ ಹುಡುಗನ ಕಾರ್ಡಿನಿಂದ ಇನ್ನೂ ದೊಡ್ಡ ಭಯ ಇತ್ತು, ಅವನದು ವೀಡಿಯೋ. ವೀಡಿಯೋ ಕಡತ ದೊಡ್ಡದು, ತುಂಡಾಗುವುದು ಜಾಸ್ತಿ, ಅದನ್ನು ಓದಲು ಬೇಕಾದ ಸೂಚಿಯನ್ನು ಎಷ್ಟೋ ಕ್ಯಾಮೆರಾಗಳು ಕೊನೆಯಲ್ಲಿ ಬರೆಯುತ್ತವೆ. ಕೆಟ್ಟದ್ದು ಅವನ ಕಾರ್ಡಾಗಿದ್ದರೆ ಈ ದಾರಿಯಲ್ಲಿ ಅರ್ಧವೂ ಸಿಗುತ್ತಿರಲಿಲ್ಲ. ಸಿಕ್ಕಿದ್ದಕ್ಕೆ ಸಮಾಧಾನ ಪಡಬೇಕು.

ಆದರೆ ಅಪ್ಪನ ಚಿತ್ರ? ಇಲ್ಲಿ ಒಂದು ಅದೃಷ್ಟ ಕೈಹಿಡಿಯಿತು. ನನ್ನ ಕ್ಯಾಮೆರಾದ ಕಡತದಲ್ಲಿ ಆ ಅಡಗಿದ ಜೆಪೆಗ್ ಪೂರ್ಣ ಗಾತ್ರದ್ದು, ಅದು ಇರುವುದು ಶುರುವಿನಲ್ಲಿ, ರಾ ಅದರ ನಂತರ. ಕೆಟ್ಟದ್ದು ಕಡತದ ಬಾಲ. ತಲೆ ಚೆನ್ನಾಗಿತ್ತು. 26 ಕಡತಗಳನ್ನು ಒಂದು ಫೋಲ್ಡರಿಗೆ ಹಾಕಿ ಒಳಗಿನ ಜೆಪೆಗ್ ಹೊರತೆಗೆದೆ.

```
exiftool -b -PreviewImage -w _p.jpg .
```

ಇಪ್ಪತ್ತಾರೂ ಬಂದವು. ಪೂರ್ತಿ, ಒಂದು ಗೆರೆಯೂ ಕೆಡದೆ. ಎಲ್ಲ ಕ್ಯಾಮೆರಾದಲ್ಲೂ ಹೀಗೆ ಪೂರ್ಣ ಗಾತ್ರದ್ದು ಸಿಗುವುದಿಲ್ಲ, ಕೆಲವದರಲ್ಲಿ ಒಳಗಿನ ಚಿತ್ರ ತೀರಾ ಚಿಕ್ಕದು.

ಸಂಜೆ ಮದುಮಗಳಿಗೆ ಫೋನ್ ಮಾಡಿ ಲೆಕ್ಕ ಒಪ್ಪಿಸಿದೆ. ಇಷ್ಟು ಬಂತು, ಇಷ್ಟು ಜೆಪೆಗ್ ಮಾತ್ರ ಉಳಿಯಿತು, ಎರಡು ಮೂರು ಹೋಯಿತು. ಅಪ್ಪನದು ಇದೆ, ಆದರೆ ಒಂದು ತೊಂದರೆ ಇದೆ ಅಂದೆ. ಅವರ ಹಿಂದೆ ಕಿಟಕಿಯ ಬೆಳಕು, ಮುಖ ಕತ್ತಲು. ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿಕೊಳ್ಳೋಣ ಅಂತಲೇ ಹಾಗೆ ತೆಗೆದಿದ್ದೆ. ರಾ ಇದ್ದಿದ್ದರೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು, ಆರಾಮಾಗಿ ಎತ್ತಬಹುದಿತ್ತು. ಜೆಪೆಗ್‌ನಲ್ಲಿ ಒಂದು ಸ್ಟಾಪ್ ದಾಟುತ್ತಿದ್ದಂತೆ ಕೆನ್ನೆಯ ನೆರಳಿನಲ್ಲಿ ಮಚ್ಚೆ ಮಚ್ಚೆಯಾಗಿ ಕಾಳು ಏಳುತ್ತಿತ್ತು, ಬಣ್ಣ ಪಟ್ಟಿ ಪಟ್ಟಿಯಾಗುತ್ತಿತ್ತು. ಎಷ್ಟು ಸಾಧ್ಯವೋ ಅಷ್ಟು ಎತ್ತಿ ಕಳಿಸಿದೆ.

ಹತ್ತು ನಿಮಿಷಕ್ಕೆ ಅವಳೇ ಫೋನ್ ಮಾಡಿದಳು.

"ಮೇಡಂ, ಇದನ್ನ ಇನ್ನೂ ಬೆಳಕು ಮಾಡಬೇಡಿ. ಅಪ್ಪ ನೋಡಿದ್ರು. ಮುಖ ಸರಿಯಾಗಿ ಕಾಣಲ್ಲ ಅಲ್ವಾ, ಹಾಗಾದ್ರೆ ಆಲ್ಬಮ್ಮಿಗೆ ಹಾಕಬಹುದು ಅಂದ್ರು."